ಲೆಕ್ಕಕ್ಕೆ ಸೇರದ ಸೊನ್ನೆ

ಸಿ ಭಾಷೆಯಲ್ಲಿ ಪಠ್ಯಕ್ಕೆ ಪ್ರತ್ಯೇಕವಾದ ದತ್ತಾಂಶ ಬಗೆ ಇಲ್ಲ. ಒಂದು ಹೆಸರನ್ನೋ ವಾಕ್ಯವನ್ನೋ ಮೆಮೊರಿಯಲ್ಲಿ ಇಡಬೇಕಾದರೆ ಅದರ ಬೈಟ್‌ಗಳನ್ನು ಸಾಲಾಗಿ ಜೋಡಿಸಿ, ಕೊನೆಯಲ್ಲಿ ಸೊನ್ನೆ ಬೆಲೆಯ ಒಂದು ಬೈಟನ್ನು ಇಡಲಾಗುತ್ತದೆ. ಇದೇ ನಲ್ ಅಕ್ಷರ. ಪ್ರೋಗ್ರಾಮಿನಲ್ಲಿ ಇದನ್ನು `'\0'` ಎಂದು ಬರೆಯುತ್ತಾರೆ. ಸ್ಟ್ರಿಂಗ್ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಪಾಯಿಂಟರ್ ಹೇಳುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಈ ಸೊನ್ನೆ ಹೇಳುತ್ತದೆ. ಉದ್ದ ಎಷ್ಟು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಬೇಕಾದಾಗಲೆಲ್ಲ ಮೊದಲಿನಿಂದ ಸೊನ್ನೆ ಸಿಗುವವರೆಗೂ ಎಣಿಸಬೇಕು.

ಹೀಗೆ ಎಣಿಸುವ ಕೆಲಸ `strlen` ಎಂಬ ಫಂಕ್ಷನ್ನಿನದು. ಅದು ಸೊನ್ನೆಯ ಹಿಂದಿನ ಬೈಟ್‌ಗಳನ್ನಷ್ಟೇ ಎಣಿಸುತ್ತದೆ, ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಟ್ರಿಂಗನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುವ `strcpy` ಮಾತ್ರ ಆ ಸೊನ್ನೆಯನ್ನೂ ಸೇರಿಸಿ ಬರೆಯುತ್ತದೆ. ಒಂದು ಫಂಕ್ಷನ್ 24 ಎಂದು ಹೇಳಿದ್ದನ್ನು ಇನ್ನೊಂದು 25 ಬೈಟ್‌ಗಳಾಗಿ ಬರೆಯುತ್ತದೆ. ಈ ಒಂದು ಬೈಟಿನ ವ್ಯತ್ಯಾಸವನ್ನು ಮರೆತು ಜಾಗ ಕಾಯ್ದಿರಿಸಿದರೆ ಕೊನೆಯ ಸೊನ್ನೆ ಬಫರಿನ ಗಡಿ ದಾಟಿ ಪಕ್ಕದ ಜಾಗದಲ್ಲಿ ಬೀಳುತ್ತದೆ. ಸಿ ಭಾಷೆಯ ಅತ್ಯಂತ ಹಳೆಯ ದೋಷಗಳಲ್ಲಿ ಇದೂ ಒಂದು. ತಪ್ಪು ಒಂದೇ ಬೈಟಿನದಾದರೂ ಅದರ ಪರಿಣಾಮ ಒಂದು ಬೈಟಿನಲ್ಲಿ ನಿಲ್ಲುವುದಿಲ್ಲ.

ಸೊನ್ನೆಯಿಂದ ಮುಗಿಸುವ ಪದ್ಧತಿ ಬೇಕೆಂದೇ ಆರಿಸಿಕೊಂಡದ್ದು. ಸಿಯ ಪೂರ್ವಜವಾದ ಬಿಸಿಪಿಎಲ್ ಭಾಷೆಯಲ್ಲಿ ಸ್ಟ್ರಿಂಗಿನ ಮೊದಲಲ್ಲೇ ಅದರ ಉದ್ದ ಇರುತ್ತಿತ್ತು. ಆ ಉದ್ದವನ್ನು ಇಡಲು ಸಿಗುತ್ತಿದ್ದ ಜಾಗ ಚಿಕ್ಕದಾದ್ದರಿಂದ ಬಹಳ ಉದ್ದದ ಸ್ಟ್ರಿಂಗ್‌ಗಳಿಗೆ ಅವಕಾಶವಿರಲಿಲ್ಲ. ಬಿಸಿಪಿಎಲ್ ಮತ್ತು ಸಿ ನಡುವೆ ಬಂದ ಬಿ ಭಾಷೆ ಉದ್ದವನ್ನು ಕೈಬಿಟ್ಟು ಕೊನೆಯಲ್ಲಿ ಗುರುತು ಇಡುವ ದಾರಿ ಹಿಡಿಯಿತು, ಸಿ ಅದನ್ನೇ ಮುಂದುವರಿಸಿತು. ಉದ್ದದ ಮಿತಿ ತಪ್ಪಿದ್ದು ಒಂದು ಕಾರಣ. ಎಣಿಕೆಯನ್ನು ಸದಾ ಸರಿಯಾಗಿ ಇಟ್ಟುಕೊಂಡು ಬರುವುದಕ್ಕಿಂತ ಕೊನೆಗೊಂದು ಗುರುತು ಹಾಕುವುದು ಸಲೀಸು ಎನಿಸಿದ್ದು ಇನ್ನೊಂದು ಎಂದು ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ ಬರೆದಿದ್ದಾರೆ. ಅಂದಿನ ಚಿಕ್ಕ ಯಂತ್ರಗಳಿಗೆ ಅದು ಒಪ್ಪುವ ಆಯ್ಕೆಯೇ ಆಗಿತ್ತು. ಆದರೆ ಸ್ಟ್ರಿಂಗಿನ ಉದ್ದ ಮತ್ತು ಅದು ಹಿಡಿಯುವ ಜಾಗ ಎಂಬ ಎರಡು ಬೇರೆ ಸಂಖ್ಯೆಗಳನ್ನು ಪ್ರೋಗ್ರಾಮ್ ಬರೆಯುವವರು ಪ್ರತಿ ಸಲವೂ ತಮ್ಮ ತಲೆಯಲ್ಲೇ ಇಟ್ಟುಕೊಳ್ಳಬೇಕಾಯಿತು.

ದೋಷ ಹೇಗೆ ಹುಟ್ಟುತ್ತದೆ, ಆಮೇಲೆ ಏನು ಮಾಡುತ್ತದೆ ಎಂಬುದನ್ನು ನೋಡಲು ಒಂದು ಚಿಕ್ಕ ಪ್ರೋಗ್ರಾಮ್ ಸಾಕು. ಇದರ ಕೆಲಸ ಒಂದು ಊರಿನ ಹೆಸರನ್ನು ನಕಲು ಮಾಡಿಕೊಳ್ಳುವುದು.

```c
#include <stdio.h>
#include <stdlib.h>
#include <string.h>

int main(void)
{
    const char *uru = "ಬೆಂಗಳೂರು";
    char *prati   = malloc(strlen(uru));
    char *mundina = malloc(24);

    strcpy(prati, uru);
    puts(prati);
    free(mundina);
    free(prati);
    return 0;
}
```

ತಪ್ಪಿರುವುದು `malloc(strlen(uru))` ಎಂಬಲ್ಲಿ. ಹೆಸರಿನ ಉದ್ದದಷ್ಟೇ ಜಾಗ ಕೇಳಲಾಗಿದೆ, ಸೊನ್ನೆಗೆ ಕೇಳಿಲ್ಲ. ಆ ಸಾಲನ್ನು ಬಾಯಲ್ಲಿ ಓದಿದರೆ ಸರಿಯಾಗಿಯೇ ಕೇಳಿಸುತ್ತದೆ: ಹೆಸರು ಎಷ್ಟು ಉದ್ದವೋ ಅಷ್ಟು ಜಾಗ ಕೊಡು. ಅನುಭವಸ್ಥರ ಕಣ್ಣಿಗೂ ಇದು ತಪ್ಪಿಸಿಕೊಳ್ಳಲು ಮುಖ್ಯ ಕಾರಣ ಇದೇ.

ಇಲ್ಲಿ ಉದ್ದವೆಂದರೆ ಬೈಟ್‌ಗಳ ಸಂಖ್ಯೆ, ಓದುವವರಿಗೆ ಕಾಣುವ ಅಕ್ಷರಗಳ ಸಂಖ್ಯೆಯಲ್ಲ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಬೆಂಗಳೂರು’ ಎಂಬುದರಲ್ಲಿ ಕಾಣುವ ಅಕ್ಷರಗಳು ನಾಲ್ಕೇ ಆದರೂ ಕಂಪ್ಯೂಟರಿಗೆ ಅದು ಎಂಟು ಚಿಹ್ನೆಗಳು: ಬ, ಎತ್ವ, ಅನುಸ್ವಾರ, ಗ, ಳ, ಊತ್ವ, ರ, ಉತ್ವ. ಎಂಟನ್ನು ಮೂರರಿಂದ ಗುಣಿಸಿದರೆ 24. `strlen` ಕೊಡುವ ಉತ್ತರ ಇದೇ. ಸೊನ್ನೆಯೂ ಸೇರಿ ಬೇಕಾದ ಜಾಗ 25 ಬೈಟ್.

`malloc` ಎಂಬುದು ಪ್ರೋಗ್ರಾಮ್ ಓಡುತ್ತಿರುವಾಗ ಕೇಳಿದಷ್ಟು ಮೆಮೊರಿ ಕೊಡುವ ಫಂಕ್ಷನ್. ಹೀಗೆ ಹಂಚುವ ಪ್ರದೇಶಕ್ಕೆ ಹೀಪ್ ಎಂದು ಹೆಸರು. ಲಿನಕ್ಸಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಲಿಬ್‌ಸಿ ಎಂಬ ಗ್ರಂಥಾಲಯವು 64 ಬಿಟ್ ಯಂತ್ರಗಳಲ್ಲಿ ಈ ಜಾಗವನ್ನು 16 ಬೈಟ್‌ಗಳ ಗುಣಕಗಳಲ್ಲಿ ಖಂಡ ಖಂಡವಾಗಿ ಕತ್ತರಿಸುತ್ತದೆ. ಅತಿ ಚಿಕ್ಕ ಖಂಡ 32 ಬೈಟಿನದು. ಪ್ರತಿ ಖಂಡಕ್ಕೂ ಅದರ ಅಳತೆಯನ್ನು ಬರೆದಿಟ್ಟ ಎಂಟು ಬೈಟ್‌ಗಳ ಒಂದು ಗುರುತು ಇರುತ್ತದೆ; ಬಳಕೆದಾರರ ಜಾಗ ಅದರ ಬೆನ್ನಿಗೇ ಶುರುವಾಗುತ್ತದೆ. 32ರಲ್ಲಿ ಆ ಎಂಟು ಹೋದರೆ ಬಳಸಲು ಉಳಿಯುವುದು 24 ಬೈಟ್. ಅವು ಮುಗಿದ ಮರುಬೈಟೇ ಮುಂದಿನ ಖಂಡದ ಅಳತೆಯ ಗುರುತಿನ ಮೊದಲ ಬೈಟ್. ನಡುವೆ ಖಾಲಿ ಜಾಗವಿಲ್ಲ, ಗೋಡೆಯೂ ಇಲ್ಲ.

ಇದರಿಂದ ಒಂದು ವಿಚಿತ್ರ ಫಲಿತಾಂಶ ಬರುತ್ತದೆ. ಇದೇ ಪ್ರೋಗ್ರಾಮಿಗೆ ‘ಮೈಸೂರು’ ಎಂಬ ಹೆಸರು ಕೊಟ್ಟರೆ ಏನೂ ಆಗುವುದಿಲ್ಲ. ಅದರಲ್ಲಿ ಆರು ಚಿಹ್ನೆ, 18 ಬೈಟ್. `malloc`ಗೆ 18 ಕೇಳಿದರೂ ಸಿಗುವ ಖಂಡದಲ್ಲಿ ಬಳಸಬಹುದಾದದ್ದು 24 ಬೈಟ್ ಇರುವುದರಿಂದ 19ನೆಯ ಬೈಟಾದ ಸೊನ್ನೆ ಯಾರಿಗೂ ತೊಂದರೆ ಕೊಡದೆ ಕೂರುತ್ತದೆ. ಧಾರವಾಡ, ಉಡುಪಿ, ಮಂಗಳೂರು, ಬೆಳಗಾವಿ ಎಲ್ಲವೂ ಹೀಗೆಯೇ ದಾಟಿಹೋಗುತ್ತವೆ. ‘ಹುಬ್ಬಳ್ಳಿ’ಗೆ 27 ಬೈಟ್ ಬೇಕು. ಅದಕ್ಕೆ ಮುಂದಿನ ಅಳತೆಯ ಖಂಡ ಸಿಗುತ್ತದೆ, ಅದರಲ್ಲಿ 40 ಬೈಟ್‌ವರೆಗೆ ಜಾಗವಿರುತ್ತದೆ. ಎಡವುವುದು ಸರಿಯಾಗಿ 24 ಬೈಟಿನ ಹೆಸರುಗಳು. ಬೆಂಗಳೂರು, ದಾವಣಗೆರೆ, ಶಿವಮೊಗ್ಗ ಮೂರೂ 24 ಬೈಟಿನವೇ. ಪರೀಕ್ಷೆ ಮಾಡುವವರು ಹತ್ತು ಊರುಗಳ ಹೆಸರು ಹಾಕಿ ನೋಡಿ, ಈ ಮೂರು ಅದರಲ್ಲಿ ಇಲ್ಲದೇ ಹೋದರೆ ಪ್ರೋಗ್ರಾಮ್ ಸರಿಯಿದೆ ಎಂದು ಸಹಿ ಹಾಕಿ ಕೊಡುತ್ತಾರೆ. ಭಾಷೆಯ ನಿಯಮದ ಪ್ರಕಾರ ಮೈಸೂರಿನ ನಕಲೂ ತಪ್ಪೇ. ಬೇರೆ ಯಂತ್ರದಲ್ಲಿ, ಬೇರೆ ಗ್ರಂಥಾಲಯದೊಂದಿಗೆ ಅದೂ ಎಡವಬಹುದು.

ಬೆಂಗಳೂರಿನ ವಿಷಯದಲ್ಲಿ ಏನಾಗುತ್ತದೆ ಎಂಬುದನ್ನು ಬೈಟ್ ಬೈಟಾಗಿ ನೋಡಬಹುದು. `prati`ಗೆ ಸಿಕ್ಕಿದ್ದು 24 ಬೈಟ್. ಅದರ ಬೆನ್ನಿಗೇ ಇರುವುದು `mundina`ದ ಖಂಡ, ಅದೂ 32 ಬೈಟಿನದೇ. ಆದರೆ ಅದರ ಗುರುತಿನಲ್ಲಿ ಬರೆದಿರುವುದು 32 ಅಲ್ಲ, 33. ಅಳತೆ ಯಾವಾಗಲೂ 16ರ ಗುಣಕವಾದ್ದರಿಂದ ಅದರ ಕೆಳಗಿನ ಬಿಟ್‌ಗಳು ಖಾಲಿ ಉಳಿಯುತ್ತವೆ. ಜಿಲಿಬ್‌ಸಿ ಅವುಗಳಲ್ಲಿ ಕಟ್ಟಕಡೆಯ ಬಿಟ್ಟನ್ನು ಹಿಂದಿನ ಖಂಡ ಬಳಕೆಯಲ್ಲಿದೆಯೇ ಎಂದು ನೆನಪಿಡಲು ಉಪಯೋಗಿಸುತ್ತದೆ. ಬಳಕೆಯಲ್ಲಿದ್ದರೆ ಅದು ಒಂದು. 32 ಮತ್ತು 1 ಸೇರಿ 33, ಹದಿನಾರರ ಮೂಲದಲ್ಲಿ 0x21.

ಇಂಟೆಲ್ ಮಾದರಿಯ ಯಂತ್ರಗಳು ಸಂಖ್ಯೆಯ ಕಿರಿಯ ಬೈಟನ್ನು ಮೊದಲು ಇಡುತ್ತವೆ. ಆದ್ದರಿಂದ `prati`ಯ 24 ಬೈಟ್ ಮುಗಿದ ಕೂಡಲೇ ಸಿಗುವ ಬೈಟಿನಲ್ಲೇ ಈ 33 ಕೂತಿರುತ್ತದೆ, ಉಳಿದ ಏಳರಲ್ಲಿ ಸೊನ್ನೆ. `strcpy` ತನ್ನ 25ನೆಯ ಬೈಟನ್ನು ಬರೆದಾಗ 33 ಅಳಿದು ಸೊನ್ನೆಯಾಗುತ್ತದೆ. ಮುಂದಿನ ಖಂಡದ ಅಳತೆ ಈಗ ಸೊನ್ನೆ ಬೈಟ್.

ಆ ಕ್ಷಣದಲ್ಲಿ ಯಾವ ದೂರೂ ಬರುವುದಿಲ್ಲ. `puts` ಪರದೆಯ ಮೇಲೆ ‘ಬೆಂಗಳೂರು’ ಎಂದು ಸರಿಯಾಗಿಯೇ ಮೂಡಿಸುತ್ತದೆ. ಸ್ಟ್ರಿಂಗ್ ಪೂರ್ತಿಯಿದೆ, ಕೊನೆಯ ಸೊನ್ನೆಯೂ ಇದೆ. ಹಾಳಾಗಿರುವುದು ಪಕ್ಕದವರ ಲೆಕ್ಕ. ಅದು ಗೊತ್ತಾಗುವುದು ಆ ಪಕ್ಕದ ಖಂಡವನ್ನು `free` ಮಾಡುವಾಗ. ಬಳಕೆಯಲ್ಲಿರುವ ಜಿಲಿಬ್‌ಸಿಯ ಹಲವು ಆವೃತ್ತಿಗಳಲ್ಲಿ ಇಂಥ ಸಂದರ್ಭದಲ್ಲಿ ಸಿಗುವ ಸಂದೇಶ ಹೀಗಿರುತ್ತದೆ:

```
free(): invalid pointer
Aborted (core dumped)
```

ಈ ಸಂದೇಶ `free(mundina)` ಎಂಬ ಸಾಲಿನತ್ತ ಬೊಟ್ಟು ಮಾಡುತ್ತದೆ. ಆ ಸಾಲಿನಲ್ಲಿ ಯಾವ ತಪ್ಪೂ ಇಲ್ಲ. ಮೇಲಿನ ಉದಾಹರಣೆಯಲ್ಲಿ ತಪ್ಪು ಮತ್ತು ಅದರ ಫಲದ ನಡುವೆ ಒಂದೇ ಸಾಲಿನ ಅಂತರ. ಸಾವಿರಾರು ಸಾಲುಗಳ ತಂತ್ರಾಂಶದಲ್ಲಿ ಹೆಸರು ನಕಲಾದದ್ದು ಬೆಳಿಗ್ಗೆ, ಪಕ್ಕದ ಖಂಡ ಬಿಡುಗಡೆಯಾದದ್ದು ಸಂಜೆ ಎಂಬಂತಾಗಬಹುದು. ಆ ಖಂಡ ಬೇರೆಯವರು ಬರೆದ, ಬೇರೆಯೇ ಕೆಲಸದ ಭಾಗಕ್ಕೆ ಸೇರಿರಬಹುದು. ಹೀಪಿನಲ್ಲಿ ಯಾವುದರ ಪಕ್ಕ ಯಾವುದು ಬರುತ್ತದೆ ಎಂಬುದು ಅದಕ್ಕೂ ಮೊದಲು ಏನೇನು ಕೇಳಲಾಗಿತ್ತು, ಏನೇನು ಬಿಡಲಾಗಿತ್ತು ಎಂಬುದರ ಮೇಲೆ ನಿಂತಿದೆ. ಅದಕ್ಕೇ ಇಂಥ ದೋಷ ಒಮ್ಮೆ ಕಂಡು ಇನ್ನೊಮ್ಮೆ ಕಾಣದಾಗುತ್ತದೆ. ಹುಡುಕಲೆಂದು ಒಂದು `printf` ಸೇರಿಸಿದರೆ ಸಾಕು, ಜೋಡಣೆ ಬದಲಾಗಿ ಅದು ಮಾಯವಾಗುವುದೂ ಉಂಟು.

ಪ್ರೋಗ್ರಾಮ್ ಹೀಗೆ ನಿಂತುಹೋಗುವುದು ಒಂದು ರೀತಿಯಲ್ಲಿ ಒಳ್ಳೆಯ ಪರಿಣಾಮ. ಕೆಟ್ಟದ್ದು ಪಕ್ಕದ ಖಂಡದ ಅಳತೆ 32ರ ಬದಲು 256 ಆಗಿದ್ದಾಗ. ಅದರ ಗುರುತಿನಲ್ಲಿರುವುದು 257, ಅಂದರೆ 0x101. ಅದರ ಕಿರಿಯ ಬೈಟಿನಲ್ಲಿರುವುದು ಬರಿಯ 1. ದಾರಿತಪ್ಪಿದ ಸೊನ್ನೆ ಆ ಬೈಟಿನ ಮೇಲೆ ಬಿದ್ದರೆ ಅಳತೆ 256 ಆಗಿಯೇ ಉಳಿಯುತ್ತದೆ, ಅಳಿಯುವುದು ‘ಹಿಂದಿನ ಖಂಡ ಬಳಕೆಯಲ್ಲಿದೆ’ ಎಂಬ ಒಂದು ಬಿಟ್ ಮಾತ್ರ. ಅಳತೆ ಸರಿಯಿದೆಯೇ ಎಂಬ ಪರೀಕ್ಷೆ ಇದನ್ನು ಹಿಡಿಯಲಾರದು. 256ರ ಯಾವ ಗುಣಕಕ್ಕೂ ಹೀಗೆಯೇ ಆಗುತ್ತದೆ.

ಈಗ ಹೀಪಿನ ವ್ಯವಸ್ಥಾಪಕ ಹಿಂದಿನ ಖಂಡವನ್ನು ಖಾಲಿಯೆಂದು ನಂಬುತ್ತದೆ. ಅಕ್ಕಪಕ್ಕದ ಖಾಲಿ ಖಂಡಗಳನ್ನು ಒಂದುಗೂಡಿಸುವುದು ಅದರ ರೂಢಿ. ಒಂದುಗೂಡಿಸಬೇಕಾದರೆ ಹಿಂದಿನದು ಎಷ್ಟು ದೊಡ್ಡದು ಎಂದು ಗೊತ್ತಾಗಬೇಕು. ಆ ಸಂಖ್ಯೆಯನ್ನು ಅದು ಓದುವುದು ಗುರುತಿನ ಹಿಂದಿನ ಎಂಟು ಬೈಟ್‌ಗಳಲ್ಲಿ, ಅಂದರೆ ನಕಲು ಮಾಡಿದ ಸ್ಟ್ರಿಂಗಿನದೇ ಕೊನೆಯ ಎಂಟು ಬೈಟ್‌ಗಳಲ್ಲಿ. ಖಂಡ ಬಳಕೆಯಲ್ಲಿರುವಾಗ ಆ ಎಂಟು ಬೈಟ್ ಬಳಕೆದಾರರಿಗೆ ಸೇರಿದ್ದು, ಖಾಲಿಯಾದಾಗ ವ್ಯವಸ್ಥಾಪಕಕ್ಕೆ ಸೇರಿದ್ದು. ಆ ಬಫರಿಗೆ ಏನು ತುಂಬಬೇಕೆಂಬುದು ಹೊರಗಿನವರ ಕೈಯಲ್ಲಿದ್ದರೆ ವ್ಯವಸ್ಥಾಪಕ ನಂಬುವ ಸಂಖ್ಯೆಯೂ ಅವರ ಕೈಗೆ ಹೋಗುತ್ತದೆ. ಖಂಡಗಳನ್ನು ಸರಿಯಾದ ಕ್ರಮದಲ್ಲಿ ಕೇಳಿ, ಬಿಟ್ಟು, ಒಂದೇ ಜಾಗವನ್ನು ಎರಡು ಕೆಲಸಗಳಿಗೆ ಹಂಚಿಕೊಡುವಂತೆ ಮಾಡಬಹುದು. ಅಲ್ಲಿಂದ ಮುಂದೆ ಪ್ರೋಗ್ರಾಮಿನ ಹಿಡಿತವೇ ಕೈತಪ್ಪುತ್ತದೆ.

ಇದು ಕಾಗದದ ಮೇಲಿನ ಭಯವಲ್ಲ. ದಾರಿತಪ್ಪಿದ ಒಂದೇ ಒಂದು ಸೊನ್ನೆಯಿಂದ ಪ್ರೋಗ್ರಾಮನ್ನು ವಶಮಾಡಿಕೊಳ್ಳಬಹುದೆಂದು 1998ರಲ್ಲೇ ಓಲಾಫ್ ಕಿರ್ಖ್ ವಿವರಿಸಿದ್ದರು. ಅವರು ಅದನ್ನು ವಿಷ ಬೆರೆತ ನಲ್ ಬೈಟ್ ಎಂದು ಕರೆದರು, ಆ ಹೆಸರು ಇಂದಿಗೂ ಉಳಿದಿದೆ. 2014ರಲ್ಲಿ ಇದೇ ದೋಷ ಜಿಲಿಬ್‌ಸಿಯ ಒಳಗೇ ಸಿಕ್ಕಿತು. ಒಂದು ಲಿಪಿ ಸಂಕೇತದಿಂದ ಇನ್ನೊಂದಕ್ಕೆ ಪಠ್ಯವನ್ನು ಬದಲಿಸುವ ಭಾಗದಲ್ಲಿ, `__gconv_translit_find` ಎಂಬ ಫಂಕ್ಷನ್ನಿನಲ್ಲಿ, ಹೀಪಿನ ಬಫರಿಗಿಂತ ಒಂದು ಬೈಟ್ ಆಚೆಗೆ ಸೊನ್ನೆ ಬೀಳುತ್ತಿತ್ತು. ಗೂಗಲ್ಲಿನ ಪ್ರಾಜೆಕ್ಟ್ ಝೀರೋ ತಂಡದ ಟಾವಿಸ್ ಆರ್ಮಂಡಿ ಮತ್ತು ಕ್ರಿಸ್ ಇವಾನ್ಸ್ ಅದನ್ನು ಬರಿ ತೋರಿಸಿ ಬಿಡಲಿಲ್ಲ. 32 ಬಿಟ್‌ನ ಫೆಡೋರಾ ಲಿನಕ್ಸಿನಲ್ಲಿ `pkexec` ಎಂಬ ಪ್ರೋಗ್ರಾಮಿನ ಮೂಲಕ ಸಾಮಾನ್ಯ ಬಳಕೆದಾರರೊಬ್ಬರು ಇಡೀ ಯಂತ್ರದ ಸಂಪೂರ್ಣ ಅಧಿಕಾರ ಪಡೆಯಬಹುದೆಂದು ಆ ವರ್ಷದ ಆಗಸ್ಟಿನಲ್ಲಿ ನಡೆಸಿಯೇ ತೋರಿಸಿದರು. ದೋಷಕ್ಕೆ `CVE-2014-5119` ಎಂಬ ಸಂಖ್ಯೆ ಬಿತ್ತು. ಗ್ರಂಥಾಲಯದ ನಿರ್ವಾಹಕರು ಆ ಮಾಡ್ಯೂಲ್‌ಗಳನ್ನು ತಂದು ಸೇರಿಸುವ ಸೌಲಭ್ಯವನ್ನೇ ತೆಗೆದುಹಾಕಿದರು. ಮುಂದಿನ ವರ್ಷಗಳಲ್ಲಿ ಖಂಡಗಳನ್ನು ಒಂದುಗೂಡಿಸುವ ಮುನ್ನ ಎರಡೂ ಕಡೆಯ ಅಳತೆಗಳು ತಾಳೆಯಾಗುತ್ತವೆಯೇ ಎಂದು ನೋಡುವ ಪರೀಕ್ಷೆಗಳು ಜಿಲಿಬ್‌ಸಿಗೆ ಸೇರಿದವು. ಅವುಗಳಿಂದ ದಾಳಿ ಕಷ್ಟವಾಗಿದೆ, ಆದರೆ ಅಸಾಧ್ಯವಾಗಿಲ್ಲ.

ಬಫರ್ ಹೀಪಿನಲ್ಲಿರದೆ ಸ್ಟ್ಯಾಕಿನಲ್ಲಿದ್ದರೆ, ಅಂದರೆ ಫಂಕ್ಷನ್ನಿನ ಒಳಗೆ `char hesaru[24];` ಎಂದು ಘೋಷಿಸಿದ್ದಾಗಿದ್ದರೆ, ಸೊನ್ನೆ ಬೀಳುವುದು ಪಕ್ಕದ ಚಲಕದ ಮೇಲೋ, ಉಳಿಸಿಟ್ಟ ವಿಳಾಸದ ಕಿರಿಯ ಬೈಟಿನ ಮೇಲೋ. ಇಂಥ ಉಕ್ಕುವಿಕೆಯನ್ನು ಹಿಡಿಯಲೆಂದು ಕಂಪೈಲರ್‌ಗಳು ಬಫರಿನ ಆಚೆ ಒಂದು ಗುಟ್ಟಿನ ಸಂಖ್ಯೆಯನ್ನು ಕಾವಲಿಗೆ ಇಡುತ್ತವೆ. ಫಂಕ್ಷನ್ ಮುಗಿಯುವಾಗ ಅದು ಬದಲಾಗಿದ್ದರೆ ಪ್ರೋಗ್ರಾಮನ್ನು ನಿಲ್ಲಿಸುತ್ತವೆ. ಗಣಿಗಳಲ್ಲಿ ವಿಷಾನಿಲ ತಿಳಿಯಲು ಇಡುತ್ತಿದ್ದ ಹಕ್ಕಿಯ ನೆನಪಿಗೆ ಇದರ ಹೆಸರು ಕ್ಯಾನರಿ. ಲಿನಕ್ಸಿನಲ್ಲಿ ಈ ಕ್ಯಾನರಿಯ ಮೊದಲ ಬೈಟನ್ನು ಬೇಕೆಂದೇ ಸೊನ್ನೆಯಾಗಿ ಇಟ್ಟಿದ್ದಾರೆ. ಸ್ಟ್ರಿಂಗ್ ಫಂಕ್ಷನ್‌ಗಳು ಸೊನ್ನೆ ಕಂಡಲ್ಲಿ ನಿಲ್ಲುವುದರಿಂದ ಗುಟ್ಟು ಸೋರಿಹೋಗದಿರಲಿ ಎಂಬುದು ಉದ್ದೇಶ. ಅದು ಒಳ್ಳೆಯ ಉಪಾಯವೇ. ಆದರೆ ಈ ಲೇಖನದ ದೋಷಕ್ಕೆ ಅದೇ ಮರೆಯಾಗುತ್ತದೆ: ಬಫರಿಗೆ ಅಂಟಿಕೊಂಡೇ ಕ್ಯಾನರಿ ಇದ್ದರೆ ಸೊನ್ನೆಯ ಮೇಲೆ ಸೊನ್ನೆ ಬೀಳುತ್ತದೆ, ಏನೂ ಬದಲಾಗುವುದಿಲ್ಲ, ಕಾವಲು ಎಚ್ಚರಗೊಳ್ಳುವುದಿಲ್ಲ.

ಈ ದೋಷವನ್ನು ಖಚಿತವಾಗಿ ಹಿಡಿಯುವ ಉಪಕರಣ ಅಡ್ರೆಸ್ ಸ್ಯಾನಿಟೈಸರ್. ಜಿಸಿಸಿ ಮತ್ತು ಕ್ಲ್ಯಾಂಗ್ ಎರಡರಲ್ಲೂ ಅದು ಇದೆ. ಮೇಲಿನ ಪ್ರೋಗ್ರಾಮನ್ನು `uru.c` ಎಂದು ಉಳಿಸಿ ಹೀಗೆ ಕಟ್ಟಬೇಕು:

```
gcc -g -fsanitize=address uru.c -o uru
```

ಆಗ ಪ್ರತಿ ಖಂಡದ ಸುತ್ತಲೂ ಮುಟ್ಟಬಾರದ ಪಟ್ಟಿಯೊಂದು ಬರುತ್ತದೆ. ಅಲ್ಲಿ ಯಾರಾದರೂ ಬರೆದರೆ ಆ ಕ್ಷಣವೇ ಪ್ರೋಗ್ರಾಮ್ ನಿಂತು ವರದಿ ಕೊಡುತ್ತದೆ. ವರದಿ ಉದ್ದವಾಗಿರುತ್ತದೆ, ಅದರಲ್ಲಿ ನೋಡಬೇಕಾದದ್ದು ಮೂರು ಕಡೆ: `heap-buffer-overflow` ಎಂಬ ಶೀರ್ಷಿಕೆ, `WRITE of size 25` ಎಂಬ ಸಾಲು, ಮತ್ತು `0 bytes after 24-byte region` ಎಂಬ ವಿವರ. ಹಳೆಯ ಆವೃತ್ತಿಗಳಲ್ಲಿ `after` ಬದಲು `to the right of` ಎಂದಿರುತ್ತದೆ. 24 ಬೈಟಿನ ಜಾಗಕ್ಕೆ 25 ಬೈಟ್ ಬರೆಯಲಾಗಿದೆ, ತಪ್ಪಿದ ಬರಹ ಗಡಿಗೆ ಅಂಟಿಕೊಂಡೇ ಇದೆ. ಈ ಎರಡು ಸಂಖ್ಯೆಗಳಲ್ಲಿ ಒಂದರ ವ್ಯತ್ಯಾಸ ಕಂಡರೆ ಮರೆತದ್ದು ನಲ್ ಎಂದು ಹೆಚ್ಚುಕಡಿಮೆ ಹೇಳಿಬಿಡಬಹುದು. ಜೊತೆಗೆ ಬರೆದ ಸಾಲು ಯಾವುದು, ಜಾಗ ಕೇಳಿದ ಸಾಲು ಯಾವುದು ಎಂಬುದೂ ಅಲ್ಲೇ ಇರುತ್ತದೆ. ಇದರ ದೊಡ್ಡ ಲಾಭವೆಂದರೆ ‘ಮೈಸೂರು’ ಹಾಕಿದರೂ ಇದು ದೋಷ ಹಿಡಿಯುತ್ತದೆ, ಏಕೆಂದರೆ ಇದು ನೋಡುವುದು ಕೇಳಿದ 18 ಬೈಟನ್ನು, ಉದಾರವಾಗಿ ಸಿಕ್ಕ 24ನ್ನಲ್ಲ. ಮರುಕಟ್ಟಲು ಆಗದ ಪ್ರೋಗ್ರಾಮ್‌ಗಳಿಗೆ ವಾಲ್‌ಗ್ರೈಂಡ್ ಇದೆ. ಅದು ನಿಧಾನ, ಆದರೆ ಹೀಪಿನ ವಿಷಯದಲ್ಲಿ ಇದೇ ಮಾತನ್ನು ಹೇಳುತ್ತದೆ. ಎರಡಕ್ಕೂ ಒಂದೇ ಮಿತಿ: ತಪ್ಪಿರುವ ಸಾಲು ಪರೀಕ್ಷೆಯಲ್ಲಿ ನಿಜವಾಗಿ ಓಡಬೇಕು. ಹೆಸರು ಕಡತದಿಂದಲೋ ಜಾಲದಿಂದಲೋ ಬರುವುದಾದರೆ ಅದರ ಉದ್ದ ಕಂಪೈಲರಿಗೆ ಮೊದಲೇ ಗೊತ್ತಿರುವುದಿಲ್ಲ, ಆದ್ದರಿಂದ ಅದು ಕೊಡುವ ಎಚ್ಚರಿಕೆಗಳನ್ನೇ ನೆಚ್ಚಿಕೊಳ್ಳುವಂತಿಲ್ಲ.

ತಿದ್ದುಪಡಿ ಒಂದು ಕೂಡಿಸುವ ಲೆಕ್ಕ.

```c
size_t n = strlen(uru) + 1;
char *prati = malloc(n);
if (prati != NULL)
    memcpy(prati, uru, n);
```

ಉದ್ದಕ್ಕೆ ಒಂದನ್ನು ಸೇರಿಸಿ ಅದನ್ನು ಒಂದೇ ಕಡೆ ಹೆಸರಿಟ್ಟು ಇಟ್ಟುಕೊಂಡದ್ದರಿಂದ, ಜಾಗ ಕೇಳುವಾಗಲೂ ನಕಲು ಮಾಡುವಾಗಲೂ ಅದೇ ಸಂಖ್ಯೆ ಬಳಕೆಯಾಗುತ್ತದೆ. ಎರಡು ಕಡೆ ಎರಡು ಲೆಕ್ಕ ಆಗುವ ಸಂಭವವೇ ಇಲ್ಲ. ಇಷ್ಟನ್ನೂ ಒಳಗೇ ಮಾಡುವ `strdup` ಯುನಿಕ್ಸ್ ಬಳಗದಲ್ಲಿ ಬಹುಕಾಲದಿಂದ ಇದೆ, ಸಿ23ರಿಂದ ಭಾಷೆಯ ಮಾನಕದಲ್ಲೂ ಸೇರಿದೆ. ಪೂರ್ತಿ ಸ್ಟ್ರಿಂಗ್ ನಕಲು ಮಾಡುವುದಷ್ಟೇ ಕೆಲಸವಾದರೆ ಅದನ್ನು ಬಿಟ್ಟು ಕೈಲೆಕ್ಕ ಹಾಕಲು ಕಾರಣವಿಲ್ಲ.

`strncpy` ಬಳಸಿದರೆ ಸುರಕ್ಷಿತ ಎಂಬ ಮಾತು ವ್ಯಾಪಕವಾಗಿದೆ, ಅದು ತಪ್ಪು. ಅದು ಗಡಿ ದಾಟುವುದಿಲ್ಲ ನಿಜ. ಆದರೆ ಮೂಲ ಸ್ಟ್ರಿಂಗ್ ಕೊಟ್ಟ ಅಳತೆಯಷ್ಟೇ ಉದ್ದವಿದ್ದರೆ ಅಥವಾ ಅದಕ್ಕಿಂತ ಉದ್ದವಿದ್ದರೆ ಕೊನೆಯ ಸೊನ್ನೆಯನ್ನು ಬರೆಯದೆ ನಿಲ್ಲಿಸಿಬಿಡುತ್ತದೆ. ಹಳೆಯ ಯುನಿಕ್ಸಿನಲ್ಲಿ ಕಡತದ ಹೆಸರುಗಳನ್ನು 14 ಬೈಟಿನ ನಿಗದಿತ ಜಾಗದಲ್ಲಿ ತುಂಬುತ್ತಿದ್ದರು, ಅಂಥ ಜಾಗಗಳಿಗೆ ಕೊನೆಯ ಸೊನ್ನೆ ಬೇಕಿರಲಿಲ್ಲ. ಆ ಕೆಲಸಕ್ಕೆಂದು ಹುಟ್ಟಿದ ಫಂಕ್ಷನ್ ಇದು. 24 ಬೈಟಿನ ಬಫರಿಗೆ `strncpy(b, uru, 24)` ಎಂದು ‘ಬೆಂಗಳೂರು’ ತುಂಬಿದರೆ ಸೊನ್ನೆಯೇ ಇಲ್ಲದ ಸಾಲು ಉಳಿಯುತ್ತದೆ. ಮುಂದೆ ಅದನ್ನು ಓದುವವರು ಎಲ್ಲೋ ಆಚೆ ಸೊನ್ನೆ ಸಿಗುವವರೆಗೂ ಓದುತ್ತಾ ಹೋಗುತ್ತಾರೆ. ಬರೆಯುವಾಗ ತಪ್ಪಿದ ಅಪಾಯ ಓದುವಾಗ ಎದುರಾಗುತ್ತದೆ.

ಫಂಕ್ಷನ್‌ಗಳಲ್ಲಿ ಕೆಲವು ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಹಿಡಿಯುವುದಿಲ್ಲ. ಎಡವುವ ಜಾಗ ಇದೇ. `fgets`ಗೆ ಬಫರಿನ ಪೂರ್ತಿ ಅಳತೆ ಕೊಡಬಹುದು, ಸೊನ್ನೆಗೆ ಅದು ತಾನೇ ಜಾಗ ಬಿಟ್ಟುಕೊಳ್ಳುತ್ತದೆ. `scanf`ನಲ್ಲಿ 24 ಬೈಟಿನ ಬಫರಿಗೆ `%23s` ಎಂದೇ ಬರೆಯಬೇಕು. `strncat`ಗೆ ಕೊಡುವ ಸಂಖ್ಯೆ ಬಫರಿನ ಅಳತೆಯಲ್ಲ, ಉಳಿದ ಜಾಗದಲ್ಲಿ ಒಂದು ಕಳೆದದ್ದು. ಉಲ್ಲೇಖ ಚಿಹ್ನೆಯೊಳಗಿನ ‘ಬೆಂಗಳೂರು’ಗೆ `sizeof` ಹೇಳುವುದು 25, `strlen` ಹೇಳುವುದು 24.

ಉದ್ದ ಮೊದಲೇ ತಿಳಿಯದ ಕಡೆ, ನಿಗದಿತ ಬಫರಿಗೆ ತುಂಬಬೇಕಾದಾಗ, `snprintf` ನಂಬಬಹುದಾದದ್ದು. ಅದಕ್ಕೆ ಪೂರ್ತಿ ಅಳತೆ ಕೊಡಬೇಕು. ಅಳತೆ ಸೊನ್ನೆಯಲ್ಲದಿದ್ದರೆ ಅದು ಕೊನೆಯ ಸೊನ್ನೆಯನ್ನು ಬರೆದೇ ಮುಗಿಸುತ್ತದೆ, ಹೆಚ್ಚಾದದ್ದನ್ನು ಕತ್ತರಿಸುತ್ತದೆ. ಓಪನ್‌ಬಿಎಸ್‌ಡಿಯಲ್ಲಿ 1998ರಲ್ಲಿ ಬಂದು, 2023ರಲ್ಲಿ ಜಿಲಿಬ್‌ಸಿಗೂ ಸೇರಿದ `strlcpy` ಕೂಡ ಹೀಗೆಯೇ ನಡೆದುಕೊಳ್ಳುತ್ತದೆ. ಎರಡೂ ಹಿಂತಿರುಗಿಸುವುದು ಪೂರ್ತಿ ಪಠ್ಯಕ್ಕೆ ಬೇಕಿದ್ದ ಉದ್ದವನ್ನು, ಸೊನ್ನೆಯನ್ನು ಬಿಟ್ಟು. ಆದ್ದರಿಂದ 24 ಬೈಟಿನ ಬಫರಿಗೆ ಉತ್ತರ 24 ಎಂದು ಬಂದರೆ ಹಿಡಿಸಿತು ಎಂದಲ್ಲ, ಕತ್ತರಿಸಲಾಗಿದೆ ಎಂದರ್ಥ. ಪರೀಕ್ಷೆಯಲ್ಲಿ ಇರಬೇಕಾದದ್ದು `>` ಅಲ್ಲ, `>=`. ಹಾಗೆ ಕತ್ತರಿಸಿದ ‘ಬೆಂಗಳೂರು’ವಿನಲ್ಲಿ 23 ಬೈಟ್ ಉಳಿದು, ಕೊನೆಯ ಉತ್ವದ ಮೂರು ಬೈಟ್‌ಗಳಲ್ಲಿ ಒಂದು ಕಳೆದುಹೋಗಿರುತ್ತದೆ. ಪರದೆಯ ಮೇಲೆ ಕೊನೆಗೆ ಉತ್ವದ ಜಾಗದಲ್ಲಿ ಪ್ರಶ್ನಾರ್ಥಕದ ಚೌಕ ಮೂಡಿದರೆ, ಬಹುಮಟ್ಟಿಗೆ ಅಂಥ ಬಫರೊಂದು ಒಂದು ಬೈಟ್ ಚಿಕ್ಕದಾಗಿದೆ.